ನಾಯಿಯ ಕೆಂಪು ಕಣ್ಣು: ಡ್ರಾಪ್ಸ್ ಹಾಕುವ ಮೊದಲು ಏನು ನೋಡಬೇಕು

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ನಾಯಿಯ ಕಣ್ಣು ಕೆಂಪಗಿದೆ. ಬೆಳಿಗ್ಗೆ ಎದ್ದಾಗ ರೆಪ್ಪೆಯ ಸುತ್ತ ಹಳದಿ-ಹಸಿರು ಗೀಜು ಕಟ್ಟಿರುತ್ತದೆ. ಆ್ಯಂಟಿಬಯಾಟಿಕ್ ಡ್ರಾಪ್ಸ್ ಹಾಕಿದರೆ ವಾರದೊಳಗೆ ಕಡಿಮೆಯಾಗುತ್ತದೆ, ನಿಲ್ಲಿಸಿದ ಹತ್ತು-ಹದಿನೈದು ದಿನಕ್ಕೆ ಮತ್ತೆ ಶುರು. ಮನೆಯವರು ಅದನ್ನು ಇನ್ಫೆಕ್ಷನ್ ಎಂದುಕೊಂಡು ಅದೇ ಬಾಟಲಿಯನ್ನು ಮತ್ತೆ ತರುತ್ತಾರೆ.

ಮನುಷ್ಯರಲ್ಲಿ ‘ಕಣ್ಣು ಬಂದಿದೆ’ ಎನ್ನುತ್ತೇವಲ್ಲ, ಆ ರೀತಿ ಬರೀ ಬ್ಯಾಕ್ಟೀರಿಯಾದಿಂದಲೇ ಕಣ್ಣು ಕೆಂಪಾಗುವುದು ನಾಯಿಗಳಲ್ಲಿ ಅಪರೂಪ. ಬ್ಯಾಕ್ಟೀರಿಯಾ ಇದ್ದರೂ ಅದು ಬೇರೆ ಯಾವುದೋ ತೊಂದರೆಯ ಹಿಂದೆ ಬಂದು ಸೇರಿಕೊಂಡಿರುತ್ತದೆ. ಮೇಲೆ ಹೇಳಿದ ಹೋಗಿ-ಬರುವ ಚಾಳಿಯ ಹಿಂದೆ ಬಹಳ ಸಲ ಇರುವುದು ಕಣ್ಣೀರಿನ ಕೊರತೆ, ಅಂದರೆ ಡ್ರೈ ಐ. ಕಣ್ಣೀರು ಕಡಿಮೆಯಾದಾಗ ಕಣ್ಣಿನ ಲೋಳೆ ತೊಳೆದು ಹೋಗದೆ ಗಟ್ಟಿಯಾಗಿ ಅಲ್ಲೇ ನಿಲ್ಲುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಡ್ರಾಪ್ಸ್ ಆ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ಜೊತೆಗೆ ಕಣ್ಣನ್ನು ಒಂದಿಷ್ಟು ಒದ್ದೆಯಾಗಿಯೂ ಇಡುತ್ತದೆ. ಅದಕ್ಕೇ ಗುಣವಾದಂತೆ ಕಾಣುವುದು. ಒಳಗೆ ಕಣ್ಣೀರಿನ ಗ್ರಂಥಿ ಹಾಳಾಗುವ ಕೆಲಸ ಮಾತ್ರ ನಿಲ್ಲದೆ ನಡೆದಿರುತ್ತದೆ. ಹೆಚ್ಚಿನ ನಾಯಿಗಳಲ್ಲಿ ಆ ಗ್ರಂಥಿಯ ಮೇಲೆ ದಾಳಿ ಮಾಡುವುದು ಅವುಗಳದ್ದೇ ರೋಗನಿರೋಧಕ ಶಕ್ತಿ.

ಇವತ್ತೇ ಆಸ್ಪತ್ರೆಗೆ ಹೋಗಬೇಕಾದ ಕಣ್ಣು

ಡ್ರೈ ಐ ವಾರಗಟ್ಟಲೆ ಕಾಡುವ ತೊಂದರೆ. ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಕಸಿಯುವ ಕೆಂಪು ಕಣ್ಣುಗಳೂ ಇವೆ, ಆದ್ದರಿಂದ ಮೊದಲು ಅವನ್ನು ಬೇರೆ ಮಾಡಿ. ನಾಯಿ ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದೆಯೇ? ಬಲವಂತವಾಗಿ ಬಿಡಿಸಲು ಹೋಗಬೇಡಿ. ಅದು ನೋವಿನ ಗುರುತು, ಹೆಚ್ಚಾಗಿ ಕಾರ್ನಿಯಾದ ಮೇಲೆ, ಅಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರದ ಮೇಲೆ, ಹುಣ್ಣಾಗಿರುತ್ತದೆ. ಕಣ್ಣು ಕೆಂಪಗಿದ್ದು, ಪಾಪೆ ಅಗಲವಾಗಿ ತೆರೆದು ಟಾರ್ಚ್ ಬಿಟ್ಟರೂ ಕುಗ್ಗದಿದ್ದರೆ, ಕಾರ್ನಿಯಾ ನೀಲಿ ಮಂಜಿನಂತೆ ಕಂಡರೆ ಗ್ಲಾಕೋಮಾದ ಅನುಮಾನ. ಒಳಗಿನ ಒತ್ತಡ ಏರಿ ಒಂದೆರಡು ದಿನದಲ್ಲೇ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಪಾಪೆ ಇನ್ನೊಂದು ಕಣ್ಣಿಗಿಂತ ತೀರಾ ಚಿಕ್ಕದಾಗಿದ್ದು, ಒಳಗೆ ಮಸುಕು ಅಥವಾ ರಕ್ತದ ಗೆರೆ ಕಂಡರೆ ಕಣ್ಣಿನ ಒಳಭಾಗ ಉರಿಯೂತಗೊಂಡಿದೆ ಎಂದರ್ಥ. ಬೆಂಗಳೂರಿನಲ್ಲಿ ಇಂಥ ಕಣ್ಣು ಕಂಡಾಗ ಟಿಕ್ ಫೀವರ್ ನೆನಪಾಗಲೇಬೇಕು. ಉಣ್ಣಿಯಿಂದ ಹರಡುವ ಎರ್ಲಿಕಿಯಾ ಸೋಂಕು ಕಣ್ಣಿನಲ್ಲೂ ಕಾಣಿಸಿಕೊಳ್ಳುತ್ತದೆ. ಕಳೆದ ಕೆಲವು ವಾರಗಳಲ್ಲಿ ಮೈಮೇಲೆ ಉಣ್ಣಿ ಇತ್ತೇ, ಜ್ವರ ಬಂದಿತ್ತೇ, ಊಟ ಬಿಟ್ಟಿತ್ತೇ ಎಂಬುದನ್ನು ವೈದ್ಯರಿಗೆ ಹೇಳಿ. ಅವರು ಕಣ್ಣಿನ ಜೊತೆ ರಕ್ತಪರೀಕ್ಷೆಯನ್ನೂ ಕೇಳುತ್ತಾರೆ.

ಇವ್ಯಾವುದೂ ಇಲ್ಲ, ನಾಯಿ ಎರಡೂ ಕಣ್ಣು ತೆರೆದುಕೊಂಡಿದೆ, ತಿಂದುಕೊಂಡು ಆಡಿಕೊಂಡಿದೆ ಎಂದಾದರೆ ಮನೆಯಲ್ಲಿ ನೋಡಲು ಸಮಯವಿದೆ.

ಮನೆಯಲ್ಲಿ ನೋಡುವ ಕ್ರಮ

ಹಗಲು ಬೆಳಕಿರುವ ಕಿಟಕಿಯ ಪಕ್ಕ ನಾಯಿಯನ್ನು ಕೂರಿಸಿ, ಒಬ್ಬರು ಗದ್ದ ಹಿಡಿಯಲಿ. ಒಂದು ಬಾಟಲಿ ನಾರ್ಮಲ್ ಸಲೈನ್, ಹತ್ತಿ, ಮೊಬೈಲ್ ಇದ್ದರೆ ಸಾಕು. ಆದರೆ ಒರೆಸುವ ಮೊದಲು ನೋಡಿ, ಒಂದು ಫೋಟೋ ತೆಗೆಯಿರಿ. ಎಲ್ಲರೂ ಮೊದಲು ಚೊಕ್ಕ ಮಾಡಿ ಆಮೇಲೆ ನೋಡುತ್ತಾರೆ, ಅಷ್ಟರಲ್ಲಿ ಅರ್ಧ ಸಾಕ್ಷ್ಯ ಹತ್ತಿಯ ಜೊತೆ ಹೋಗಿರುತ್ತದೆ.

ಗೀಜು ಎಂಥದ್ದು, ಎಲ್ಲಿದೆ ಎಂದು ಗಮನಿಸಿ. ತಿಳಿ ನೀರು ಸುರಿಯುತ್ತಿದ್ದು, ಜೊತೆಗೆ ಪಾದ ನೆಕ್ಕುವುದು, ಕಿವಿ ಕೆರೆಯುವುದು ಇದ್ದರೆ ಅಲರ್ಜಿ ಇರಬಹುದು. ಪಾರ್ಥೇನಿಯಂ ಬೆಳೆದ ಖಾಲಿ ಸೈಟುಗಳ ಪಕ್ಕ ದಿನಾ ವಾಕಿಂಗ್ ಹೋಗುವ ನಾಯಿಗಳಲ್ಲಿ ಈ ಅನುಮಾನ ಸಹಜ. ಮೂಗಿನ ಕಡೆಯ ಮೂಲೆಯಲ್ಲಿ ಬೆಳಿಗ್ಗೆ ಒಂದು ಕಾಳಿನಷ್ಟು ಕಂದು ಗೀಜು ಬಂದರೆ ಅದು ಮಾಮೂಲು. ದಪ್ಪ, ಎಳೆ ಎಳೆಯಾಗಿ ಜಗ್ಗುವ ಹಳದಿ ಅಥವಾ ಹಸಿರು ಲೋಳೆ ರೆಪ್ಪೆಯ ಅಂಚಿಗಷ್ಟೇ ಅಲ್ಲದೆ ಕಾರ್ನಿಯಾದ ಮೇಲೇ ಅಂಟಿಕೊಂಡು ಕೂತಿದ್ದರೆ ಡ್ರೈ ಐ ಮೊದಲ ಅನುಮಾನ. ಆರೋಗ್ಯವಾದ ಕಣ್ಣಿನ ಮೇಲೆ ಲೋಳೆ ಹಾಗೆ ನಿಲ್ಲುವುದೇ ಇಲ್ಲ, ರೆಪ್ಪೆ ಬಡಿದಾಗ ಕಣ್ಣೀರಿನ ಜೊತೆ ಜಾರಿಹೋಗುತ್ತದೆ.

ಈಗ ಸಲೈನ್‌ನಲ್ಲಿ ನೆನೆಸಿದ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಗೀಜು ಒಣಗಿ ಗಟ್ಟಿಯಾಗಿದ್ದರೆ ಉಜ್ಜಬೇಡಿ, ಒದ್ದೆ ಹತ್ತಿಯನ್ನು ಒಂದೆರಡು ನಿಮಿಷ ಹಾಗೇ ಒತ್ತಿ ಹಿಡಿಯಿರಿ. ಸಲೈನ್ ಬಾಟಲಿಯಲ್ಲಿ ಕೆಡದಂತೆ ಇಡುವ ರಾಸಾಯನಿಕ ಇರುವುದಿಲ್ಲ. ತೆರೆದ ದಿನವೇ ಬಳಸಿ, ಉಳಿದದ್ದನ್ನು ಚೆಲ್ಲಿ.

ಒರೆಸಿ ಐದು ನಿಮಿಷ ಬಿಟ್ಟು ಮಾಡುವ ನೋಟವೇ ಇಡೀ ಪರೀಕ್ಷೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಕಿಟಕಿಯ ಅಥವಾ ಟ್ಯೂಬ್‌ಲೈಟಿನ ಪ್ರತಿಬಿಂಬ ನಾಯಿಯ ಕಣ್ಣಿನ ಮೇಲೆ ಹೇಗೆ ಬಿದ್ದಿದೆ ನೋಡಿ. ಕಣ್ಣೀರು ಸರಿಯಾಗಿದ್ದರೆ ಕಿಟಕಿಯ ಸರಳುಗಳನ್ನೂ ಎಣಿಸಬಹುದು, ಅಂಚು ಅಷ್ಟು ಚೂಪಾಗಿರುತ್ತದೆ. ಕಣ್ಣೀರು ಕಡಿಮೆಯಿದ್ದರೆ ಪ್ರತಿಬಿಂಬದ ಅಂಚು ಒಡೆದು, ಹರಳು ಹರಳಾಗಿ, ಮಂಕಾಗಿ ಕಾಣುತ್ತದೆ. ಎರಡು ಕಣ್ಣುಗಳನ್ನು ಹೋಲಿಸಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಮೇಲ್ಮೈ ಒರಟಾಗಿದ್ದರೆ ಬೇರೆ ಕಾರಣಕ್ಕೂ ಹೀಗಾಗಬಹುದು, ಹಾಗಾಗಿ ಇದು ಅನುಮಾನ ಹುಟ್ಟಿಸುವ ಗುರುತು ಮಾತ್ರ.

ಇನ್ನು ಎರಡು ಸಣ್ಣ ನೋಟ. ಮೂಗಿನ ಎರಡೂ ಹೊಳ್ಳೆ ಮುಟ್ಟಿ ನೋಡಿ. ಗೀಜಿರುವ ಕಣ್ಣಿನ ಕಡೆಯ ಹೊಳ್ಳೆ ಮಾತ್ರ ಒಣಗಿ ಹೊಪ್ಪಳೆಗಟ್ಟಿದ್ದರೆ ಗ್ರಂಥಿಗೆ ಹೋಗುವ ನರದ ತೊಂದರೆ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಹಾಗೆಯೇ ನಾಯಿ ಗಾಢವಾಗಿ ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ ನೋಡಿ. ಪಗ್, ಶಿಟ್ಜು, ಲ್ಹಾಸಾ ಥರದ ಚಪ್ಪಟೆ ಮೂತಿಯ ನಾಯಿಗಳು ಕಣ್ಣನ್ನು ಅರೆತೆರೆದೇ ಮಲಗುತ್ತವೆ, ಕಣ್ಣಿನ ನಡುಭಾಗ ರಾತ್ರಿಯಿಡೀ ಒಣಗುತ್ತದೆ. ಇಂಥ ನಾಯಿಗೆ ಕಣ್ಣೀರು ಸಾಕಷ್ಟಿದ್ದರೂ ತೊಂದರೆ ಬರಬಹುದು.

ಬಿಳಿ ಕಾಣುತ್ತಿದ್ದರೆ, ಎಲ್ಲಿದೆ ಬಿಳಿ?

ಕೆಂಪು ಕಣ್ಣಿನ ಜೊತೆ ಬಿಳಿಯೂ ಕಂಡರೆ ಮನೆಯವರಿಗೆ ಪೊರೆಯ ಭಯ. ಕಣ್ಣಿನಲ್ಲಿ ಬಿಳುಪು ಎರಡು ಬೇರೆ ಜಾಗಗಳಲ್ಲಿ ಬರಬಹುದು, ಇದನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ಕಳೆದಂತೆ. ನಾಯಿಯನ್ನು ನೇರವಾಗಿ ನೋಡದೆ ಪಕ್ಕದಿಂದ ನೋಡಿ. ಬಿಳಿ ಅಥವಾ ಕಂದು ಮಚ್ಚೆ ಕಣ್ಣಿನ ಹೊರಮೈಯಲ್ಲೇ ಇದ್ದು ಕಣ್ಣಿನ ಬಣ್ಣದ ಭಾಗವನ್ನೂ ಮರೆಮಾಡುತ್ತಿದ್ದರೆ ಅದು ಕಾರ್ನಿಯಾದ್ದು. ಡ್ರೈ ಐ ಹಳೆಯದಾದಾಗ ಕಾರ್ನಿಯಾದ ಮೇಲೆ ರಕ್ತನಾಳ ಹಬ್ಬಿ, ಕಂದು ಕಲೆ ಬಿದ್ದು, ಮಸುಕಾಗುತ್ತದೆ. ಬಿಳುಪು ಪಾಪೆಯ ಒಳಗೆ ಆಳದಲ್ಲಿದ್ದು, ಸುತ್ತಲಿನ ಕಂದು ವರ್ತುಲ ಸ್ವಚ್ಛವಾಗಿ ಕಂಡರೆ ಅದು ಲೆನ್ಸಿನದ್ದು.

ಲೆನ್ಸಿನ ಬಿಳುಪೆಲ್ಲ ಪೊರೆಯಲ್ಲ. ಏಳೆಂಟು ವರ್ಷ ದಾಟಿದ ನಾಯಿಗಳಲ್ಲಿ ಲೆನ್ಸಿನ ನಡುಭಾಗ ಗಟ್ಟಿಯಾಗಿ, ಎರಡೂ ಪಾಪೆ ಒಂದೇ ಥರ ನೀಲಿ-ಬೂದು ಛಾಯೆಗೆ ತಿರುಗುತ್ತವೆ. ಅದು ವಯಸ್ಸಿನ ಬದಲಾವಣೆ, ದೃಷ್ಟಿಗೆ ಹೆಚ್ಚು ಅಡ್ಡಿಯಿಲ್ಲ. ಬೇರ್ಪಡಿಸಲು ರಾತ್ರಿ ಕೋಣೆಯ ಲೈಟ್ ಆರಿಸಿ, ಎರಡಡಿ ದೂರದಲ್ಲಿ ನಿಂತು, ಮೊಬೈಲ್ ಟಾರ್ಚನ್ನು ನಿಮ್ಮ ಕೆನ್ನೆಗೆ ಒರಗಿಸಿ ಹಿಡಿದು ನಾಯಿಯ ಕಣ್ಣಿನತ್ತ ಬಿಡಿ. ಪಾಪೆಯಿಂದ ಹಸಿರು ಅಥವಾ ಹಳದಿ ಹೊಳಪು ತಿರುಗಿ ಬರುತ್ತದೆ. ವಯಸ್ಸಿನ ಛಾಯೆಯಾದರೆ ಹೊಳಪು ಪೂರ್ತಿ ಬರುತ್ತದೆ, ನಡುವೆ ಒಂದು ತೆಳು ವರ್ತುಲ ಮಾತ್ರ ಕಾಣಬಹುದು. ಪೊರೆಯಾದರೆ ಹೊಳಪಿನ ನಡುವೆ ಕಪ್ಪು ನೆರಳಿನ ತುಂಡು ಇರುತ್ತದೆ, ಬಲಿತ ಪೊರೆಯಲ್ಲಿ ಹೊಳಪೇ ಬರುವುದಿಲ್ಲ. ನೀಲಿ ಕಣ್ಣಿನ ಹಸ್ಕಿಯಲ್ಲಿ ಹೊಳಪು ಕೆಂಪಗೆ ಬರುವುದುಂಟು, ಗಾಬರಿ ಬೇಡ.

ದೃಷ್ಟಿ ನೋಡಲು ಕೈ ಬೀಸಬೇಡಿ, ಗಾಳಿ ಮೀಸೆಗೆ ತಾಗಿ ಕುರುಡು ನಾಯಿಯೂ ಕಣ್ಣು ಮಿಟುಕಿಸುತ್ತದೆ. ಅದರ ಮುಂದೆ ಹತ್ತಿಯ ಉಂಡೆ ಬಿಡಿ, ಸದ್ದಿಲ್ಲದೆ ಬೀಳುವ ಅದನ್ನು ಕಣ್ಣು ಹಿಂಬಾಲಿಸಬೇಕು.

ಪೊರೆ ವಾರಗಳಲ್ಲಿ ಏಕಾಏಕಿ ಎರಡೂ ಕಣ್ಣಿಗೆ ಬಂದರೆ ಸಕ್ಕರೆ ಕಾಯಿಲೆ ನೋಡಿಸಿ. ಬಟ್ಟಲಿಗೆ ಅಳೆದು ನೀರು ಹಾಕಿ, 24 ಗಂಟೆಯ ನಂತರ ಉಳಿದದ್ದನ್ನು ಕಳೆಯಿರಿ. ಒಂದು ಕಿಲೋ ತೂಕಕ್ಕೆ 100 ಮಿಲೀಗಿಂತ ಹೆಚ್ಚು ಕುಡಿದಿದ್ದರೆ, ಎಂದರೆ 10 ಕಿಲೋ ನಾಯಿ ಒಂದು ಲೀಟರ್ ದಾಟಿದ್ದರೆ, ಅದು ಅತಿಯಾಯಿತು. ಪೊರೆಯನ್ನು ಕರಗಿಸುವ ಡ್ರಾಪ್ಸ್ ಯಾವುದೂ ಇಲ್ಲ, ಉಪಾಯ ಶಸ್ತ್ರಚಿಕಿತ್ಸೆಯೊಂದೇ. ಪೊರೆ ಬಂದ ಕಣ್ಣು ಕೆಂಪಾದರೆ ಲೆನ್ಸಿನ ಪ್ರೋಟೀನ್ ಸೋರಿ ಒಳಗೆ ಉರಿಯೂತ ಶುರುವಾಗಿರಬಹುದು, ಕಾಯಬಾರದು. ಪೊರೆಯ ಆಪರೇಷನ್ ಯೋಚನೆಯಲ್ಲಿದ್ದರೆ ಡ್ರೈ ಐ ಇದೆಯೇ ಎಂದು ಮೊದಲು ನೋಡಿ ಹತೋಟಿಗೆ ತರಬೇಕು, ಒಣಗಿದ ಕಾರ್ನಿಯಾದ ಮೇಲೆ ಹಾಕಿದ ಹೊಲಿಗೆ ಸರಿಯಾಗಿ ಮಾಯುವುದಿಲ್ಲ.

ಕಣ್ಣೀರು ಅಳೆಯುವ ಪಟ್ಟಿ

ಮನೆಯಲ್ಲಿ ಹುಟ್ಟಿದ ಅನುಮಾನವನ್ನು ಖಚಿತ ಮಾಡುವುದು ಶಿರ್ಮರ್ ಪರೀಕ್ಷೆ. ಮಿಲಿಮೀಟರ್ ಗುರುತಿರುವ ಸಣ್ಣ ಕಾಗದದ ಪಟ್ಟಿಯ ತುದಿ ಮಡಿಸಿ ಕೆಳರೆಪ್ಪೆಯ ಒಳಗೆ ಸಿಕ್ಕಿಸಿ ಸರಿಯಾಗಿ ಒಂದು ನಿಮಿಷ ಬಿಡುತ್ತಾರೆ, ಎಷ್ಟು ದೂರ ಒದ್ದೆಯಾಯಿತು ಎಂದು ಓದುತ್ತಾರೆ. 15 ಮಿಮೀ ಅಥವಾ ಹೆಚ್ಚಿದ್ದರೆ ಸರಿ. 10ರಿಂದ 14ರೊಳಗಿದ್ದು ಕೆಂಪು, ಗೀಜು ಇದ್ದರೆ ಶುರುವಾಗಿದೆ ಎಂದುಕೊಳ್ಳಬೇಕು. 10ಕ್ಕಿಂತ ಕೆಳಗೆ ಡ್ರೈ ಐ, 5ಕ್ಕಿಂತ ಕೆಳಗೆ ತೀವ್ರ.

ಈ ಅಂಕಿ ಮೂರು ಕಾರಣಕ್ಕೆ ದಾರಿ ತಪ್ಪಿಸುತ್ತದೆ. ಆಸ್ಪತ್ರೆಗೆ ಹೊರಡುವ ಮುಂಚೆ ಕಣ್ಣು ತೊಳೆದು ಡ್ರಾಪ್ಸ್ ಹಾಕಿದರೆ ಪಟ್ಟಿ ಆ ನೀರನ್ನೇ ಹೀರುತ್ತದೆ, ಆದ್ದರಿಂದ ಎರಡು-ಮೂರು ಗಂಟೆ ಮೊದಲು ಏನನ್ನೂ ಹಾಕಬೇಡಿ. ಪಾಪೆ ಅಗಲಿಸುವ ಅಟ್ರೋಪಿನ್, ಮರಗಟ್ಟಿಸುವ ಡ್ರಾಪ್ಸ್, ಇತ್ತೀಚೆಗೆ ಕೊಟ್ಟ ಅರಿವಳಿಕೆ ಕಣ್ಣೀರನ್ನು ತಗ್ಗಿಸಿ ಸುಳ್ಳು ಅಂಕಿ ಕೊಡುತ್ತವೆ. ಇವೆರಡಕ್ಕಿಂತ ಮೋಸದ್ದು ಹುಣ್ಣು. ನೋಯುವ ಕಣ್ಣಿನಲ್ಲಿ ನೀರು ಸುರಿಯಬೇಕು, ಹಾಗಾಗಿ ಹುಣ್ಣಿರುವ ಕಣ್ಣು 12 ತೋರಿಸಿದರೆ ಅದನ್ನು ಸಮಾಧಾನದ ಅಂಕಿ ಎನ್ನಲಾಗದು, ಹುಣ್ಣು ಮಾಯ್ದ ಮೇಲೆ ಮತ್ತೆ ಅಳೆಯಬೇಕು. ಹುಣ್ಣು ಇದೆಯೇ ಎಂದು ನೋಡಲು ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣ ಹಾಕುತ್ತಾರೆ, ಹುಣ್ಣಿದ್ದ ಜಾಗ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ.

ವೈದ್ಯರಿಗೆ ಎರಡು ಹಳೆಯ ವಿಷಯ ಮರೆಯದೆ ಹೇಳಿ. ಒಂದು, ನಾಯಿಗೆ ಸಲ್ಫಾ ಔಷಧಿ ಕೊಟ್ಟಿದ್ದಿರಾ? ಭೇದಿಗೋ ಮೂತ್ರದ ಸೋಂಕಿಗೋ ಕೊಟ್ಟ ಟ್ರೈಮೆಥೊಪ್ರಿಮ್-ಸಲ್ಫಾ ಕೆಲವು ನಾಯಿಗಳ ಕಣ್ಣೀರನ್ನು ನಿಲ್ಲಿಸಿಬಿಡುತ್ತದೆ. ಎರಡು, ಮರಿಯಾಗಿದ್ದಾಗ ಕಣ್ಣಿನ ಮೂಲೆಯಲ್ಲಿ ಕೆಂಪು ಗಡ್ಡೆ ಬಂದು ಅದನ್ನು ಕತ್ತರಿಸಿ ತೆಗೆಸಿದ್ದೀರಾ? ಚೆರ್ರಿ ಐ ಎನ್ನುವ ಆ ಗಡ್ಡೆ ಮೂರನೇ ರೆಪ್ಪೆಯ ಕಣ್ಣೀರಿನ ಗ್ರಂಥಿಯೇ ಹೊರಬಂದದ್ದು. ಒಟ್ಟು ಕಣ್ಣೀರಿನ ಮೂರನೇ ಒಂದು ಭಾಗದಷ್ಟನ್ನು, ಕೆಲವು ನಾಯಿಗಳಲ್ಲಿ ಇನ್ನೂ ಹೆಚ್ಚನ್ನು ಅದೇ ಕೊಡುವುದು. ಅದನ್ನು ಕತ್ತರಿಸದೆ ಒಳಗೆ ಕೂರಿಸಿ ಹೊಲಿಯಬೇಕು.

ಒಂದು ಪ್ರಕರಣ, ಅಂಕಿ ಸಮೇತ

ಮಲ್ಲೇಶ್ವರದ ಅಪಾರ್ಟ್‌ಮೆಂಟಿನ ಆರು ವರ್ಷದ ಹೆಣ್ಣು ಶಿಟ್ಜು, ತೂಕ 7 ಕಿಲೋ, ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳಲ್ಲಿ ಮೂರು ಸಲ ಆ್ಯಂಟಿಬಯಾಟಿಕ್ ಡ್ರಾಪ್ಸ್ ಆಗಿದೆ. ಬಲಗಣ್ಣು ಈಗ ಮಸುಕಾಗಿದೆ. ಮನೆಯಾಕೆ ಹೇಳುವುದು, ‘ಡಾಕ್ಟ್ರೇ, ಇನ್ಫೆಕ್ಷನ್ ಜಾಸ್ತಿಯಾಗಿ ಪೊರೆ ಬಂದುಬಿಟ್ಟಿದೆ.’

ಪಕ್ಕದಿಂದ ನೋಡಿದರೆ ಮಸುಕು ಹೊರಮೈಯಲ್ಲಿದೆ, ಮೂಗಿನ ಕಡೆಯಿಂದ ಕಂದು ಕಲೆ ಹಬ್ಬುತ್ತಿದೆ. ಟಾರ್ಚ್ ಹೊಳಪು ಕಲೆಯಿಲ್ಲದ ಭಾಗದಿಂದ ಸರಿಯಾಗಿ ಬರುತ್ತಿದೆ, ಎಂದರೆ ಪೊರೆಯಿಲ್ಲ. ಶಿರ್ಮರ್ ಬಲಕ್ಕೆ 4, ಎಡಕ್ಕೆ 9. ಫ್ಲೋರೆಸಿನ್ ಹಿಡಿಯಲಿಲ್ಲ, ಹುಣ್ಣಿಲ್ಲ. ಕಣ್ಣಿನ ಒತ್ತಡ ಎರಡೂ ಕಡೆ 16, ಮಾಮೂಲು. ಎಡಗಣ್ಣು ಮನೆಯವರ ಪ್ರಕಾರ ‘ಚೆನ್ನಾಗಿರುವ ಕಣ್ಣು’. ಅದೂ ಒಣಗುತ್ತಿದೆ ಎಂಬುದನ್ನು ಪಟ್ಟಿ ಬಿಟ್ಟರೆ ಬೇರೆ ಯಾವುದೂ ಹೇಳುತ್ತಿರಲಿಲ್ಲ. ಎರಡೂ ಕಣ್ಣು ಅಳೆಯಿರಿ ಎನ್ನುವುದು ಇದಕ್ಕೇ.

ವೈದ್ಯರು ಬರೆದದ್ದು: ಸೈಕ್ಲೋಸ್ಪೊರಿನ್ 0.2% ಕಣ್ಣಿನ ಮುಲಾಮು ದಿನಕ್ಕೆ ಎರಡು ಸಲ, ಎರಡೂ ಕಣ್ಣಿಗೆ. ಕಣ್ಣೀರು ಬರುವತನಕ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಜೆಲ್ ದಿನಕ್ಕೆ ಆರು ಸಲ. ಗೀಜು ನಿಲ್ಲುವತನಕ ಒಂದು ವಾರ ಆ್ಯಂಟಿಬಯಾಟಿಕ್. ಇಲ್ಲಿ ನಿಜವಾದ ಔಷಧಿ ಮೊದಲನೆಯದು, ಗ್ರಂಥಿಯ ಮೇಲಿನ ದಾಳಿಯನ್ನು ತಡೆಯುವುದು ಅದೇ. ಆದರೆ ಅದರ ಫಲ ಕಾಣಲು ನಾಲ್ಕರಿಂದ ಎಂಟು ವಾರ ಬೇಕು. ಎರಡು ವಾರಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಟ್ಟರೆ ಶುರುಮಾಡಿದ್ದೂ ದಂಡ.

ನಾಲ್ಕನೇ ವಾರ ಬಲ 7, ಎಡ 13. ಹತ್ತನೇ ವಾರ ಬಲ 12, ಎಡ 17. ಗೀಜು ನಿಂತಿದೆ, ಕಿಟಕಿಯ ಬಿಂಬ ಚೂಪಾಗಿದೆ, ಕಂದು ಕಲೆ ಹಬ್ಬುವುದು ನಿಂತಿದೆಯೇ ಹೊರತು ಅಳಿಸಿಹೋಗಿಲ್ಲ. ಆ ಕಲೆ ಬಹುಪಾಲು ಉಳಿದೇ ಉಳಿಯುತ್ತದೆ, ಬೇಗ ಹಿಡಿಯಬೇಕು ಎನ್ನುವುದರ ಲೆಕ್ಕ ಇದು. ಕಣ್ಣು ಚೆನ್ನಾಗಾಯಿತೆಂದು ಮುಲಾಮು ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅಂಕಿ ಮತ್ತೆ ಇಳಿಯುತ್ತದೆ. ಇದು ಜೀವನಪೂರ್ತಿ ಹಾಕುವ ಔಷಧಿ. ಮರುಪರೀಕ್ಷೆಯ ದಿನವೂ ಬೆಳಗಿನ ಮುಲಾಮು ತಪ್ಪಿಸಬೇಡಿ, ಔಷಧಿಯ ಮೇಲಿದ್ದಾಗ ಎಷ್ಟು ಕಣ್ಣೀರು ಎಂಬುದೇ ಬೇಕಾಗಿರುವುದು. ಹತ್ತಿರದ ಗಂಟೆಗಳಲ್ಲಿ ಜೆಲ್ ಮಾತ್ರ ಬೇಡ.

ಹಾಕುವಾಗ ಎಡವುವುದು

ಮೊದಲು ಗೀಜು ಒರೆಸಿ, ಲೋಳೆಯ ಮೇಲೆ ಹಾಕಿದ ಔಷಧಿ ಕಣ್ಣಿಗೆ ಮುಟ್ಟುವುದೇ ಇಲ್ಲ. ನೀರಿನಂಥದ್ದು ಮೊದಲು, ಜೆಲ್ ಆಮೇಲೆ, ಮುಲಾಮು ಕೊನೆಗೆ, ನಡುವೆ ಐದು-ಹತ್ತು ನಿಮಿಷ. ಮುಲಾಮು ಕಾಲಿಂಚಿನಷ್ಟು ಸಾಕು. ನಾಯಿಯ ಹಿಂದೆ ಕೂತು ಅದರ ತಲೆ ಮೇಲೆತ್ತಿ ಹಾಕಿದರೆ ಟ್ಯೂಬ್ ಮುಂದಿನಿಂದ ಬರುವುದು ಅದಕ್ಕೆ ಕಾಣುವುದಿಲ್ಲ, ತುದಿ ಕಣ್ಣಿಗೆ ತಾಗದಂತೆ ಕೈಯನ್ನು ಹಣೆಯ ಮೇಲೆ ಊರಿ. ಸೈಕ್ಲೋಸ್ಪೊರಿನ್ ಕೈಗೆ ತಾಗಿದರೆ ತೊಳೆದುಕೊಳ್ಳಿ.

ಮೆಡಿಕಲ್ ಶಾಪಿನಲ್ಲಿ ಸಿಗುವ ಮನುಷ್ಯರ ಸೈಕ್ಲೋಸ್ಪೊರಿನ್ 0.05% ಡ್ರಾಪ್ಸ್ ನಾಯಿಗೆ ಸಾಮಾನ್ಯವಾಗಿ ಸಾಲುವುದಿಲ್ಲ. ಹೆಸರು ಒಂದೇ ಎಂದು ಬದಲಿ ತಂದುಕೊಂಡು, ಫಲ ಕಾಣದೆ ಔಷಧಿಯನ್ನೇ ದೂರುವುದು ಮಾಮೂಲು. ಸೈಕ್ಲೋಸ್ಪೊರಿನ್ ಸಿಗದಿದ್ದರೆ ಅಥವಾ ಎರಡು-ಮೂರು ತಿಂಗಳಾದರೂ ಅಂಕಿ ಏರದಿದ್ದರೆ ವೈದ್ಯರು ಟ್ಯಾಕ್ರೊಲಿಮಸ್ 0.03% ಕಡೆ ಹೋಗುತ್ತಾರೆ.

ಮನೆಯ ಫ್ರಿಜ್ಜಿನಲ್ಲಿ ಉಳಿದಿರುವ ಯಾರದೋ ಕಣ್ಣಿನ ಡ್ರಾಪ್ಸ್ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಲೇಬಲ್ಲಿನಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಸೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಕೆಂಪು ಒಂದೇ ದಿನದಲ್ಲಿ ಇಳಿದು ಮದ್ದು ಹಿಡಿಯಿತು ಎನಿಸುತ್ತದೆ. ಕೆಳಗೆ ಕಾಣದ ಹುಣ್ಣಿದ್ದರೆ ಕಾರ್ನಿಯಾ ಕರಗಿ ತೂತಾಗುತ್ತದೆ, ಒಣಗಿದ ಕಣ್ಣಿನಲ್ಲಿ ಹುಣ್ಣಾಗುವುದು ಸುಲಭ ಬೇರೆ. ಬಣ್ಣ ಹಾಕಿ ಹುಣ್ಣಿಲ್ಲ ಎಂದು ನೋಡದೆ ಸ್ಟೀರಾಯ್ಡ್ ಬೀಳಬಾರದು. ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ, ರೋಸ್ ವಾಟರ್ ಸಹ ಬೇಡ.

ಆರು ತಿಂಗಳು ಔಷಧಿ ಕೊಟ್ಟರೂ ಅಂಕಿ 2-3ರ ಮೇಲೇಳದ ನಾಯಿಗಳಿಗೆ ಎಂಜಲಿನ ನಾಳವನ್ನು ಬಾಯಿಯಿಂದ ಕಣ್ಣಿಗೆ ತಿರುಗಿಸುವ ಶಸ್ತ್ರಚಿಕಿತ್ಸೆ ಇದೆ. ಎಂಜಲಿನ ಖನಿಜ ಕಾರ್ನಿಯಾದ ಮೇಲೆ ಕೂರುತ್ತದೆ, ಊಟದ ಹೊತ್ತಿಗೆ ಮುಖ ಒದ್ದೆಯಾಗುತ್ತದೆ, ಆದ್ದರಿಂದ ಅದು ಕೊನೆಯ ದಾರಿ. ಬೇಕೆನಿಸಿದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಕಣ್ಣಿನ ಕೆಲಸದಲ್ಲಿ ಪಳಗಿದ ಪಶುವೈದ್ಯರಲ್ಲೋ ವಿಚಾರಿಸಿ. ಹೋಗುವಾಗ ಈವರೆಗಿನ ಶಿರ್ಮರ್ ಅಂಕಿಗಳನ್ನು ದಿನಾಂಕ ಸಮೇತ ಬರೆದುಕೊಂಡು, ಬಳಸಿದ ಎಲ್ಲ ಟ್ಯೂಬ್, ಬಾಟಲಿಗಳನ್ನು ಜೊತೆಗೆ ಒಯ್ಯಿರಿ.